ಅಜ್ಜಿ ಬಾಯಲ್ಲಿ "ಕೋತಿ", ಮೊಮ್ಮಗನ ತಟ್ಟೆಯಲ್ಲಿ ತುಪ್ಪ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಗಂಡನ ಮನೆ ಹಾಸನದ ಹತ್ತಿರದ ಹಳ್ಳಿ. ಈಗ ಅತ್ತೆ, ಮಾವ ಬೆಂಗಳೂರಿಗೆ ಬಂದು ನಮ್ಮ ಜೊತೆಗೇ ಇದ್ದಾರೆ. ನಾಲ್ಕು ವರ್ಷದ ಮಗನನ್ನು ಅವರು ಹೆಸರು ಹಿಡಿದು ಕರೆಯುವುದೇ ಅಪರೂಪ. ಮಾವ "ರಾಸ್ಕಲ್", "ಭಡವ" ಅಂತಾರೆ. ಅತ್ತೆ ನಿನ್ನೆ ಊಟಕ್ಕೆ ಕರೆದದ್ದು ಹೀಗೆ: "ಎಲ್ಲಿ ಹಾಳಾಗ್ಹೋಯ್ತೋ ಈ ಕಳ್ ಮುಂಡೇದು! ಬಾರೋ ಕೋತಿ, ತುಪ್ಪ ಹಾಕಿದೀನಿ, ಆರೋಗತ್ತೆ ತಿನ್ನು." ಅವನು ನಗ್ತಾ ಓಡಿ ಬಂದ. ಆದರೆ ಹೋದ ವಾರ ಪ್ಲೇಸ್ಕೂಲಿನಲ್ಲಿ ಇನ್ನೊಂದು ಮಗುವಿಗೆ "ಕೋತಿ ಮುಂಡೇದೆ" ಅಂದನಂತೆ. ಮಿಸ್ ಕರೆದು ಹೇಳಿದರು. ಮೊಮ್ಮಗನ ಮೇಲೆ ಪ್ರಾಣ ಇಟ್ಟುಕೊಂಡವರು ಇಷ್ಟು ಒರಟಾಗಿ ಯಾಕೆ ಮಾತಾಡ್ತಾರೆ? ನಿಲ್ಲಿಸಿ ಅಂತ ಹೇಳಲೇ?

ಉತ್ತರ: ಅತ್ತೆಯವರ ಮಾತನ್ನು ನೀವು ಹಾಗೇ ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು. ಮನೆಮಾತಿನ ಕನ್ನಡವನ್ನೇ ಓದಿಕೊಂಡು, ಪಾಠ ಹೇಳಿಕೊಂಡು ಬಂದವಳು ನಾನು. ಇಂಥ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬೈಗುಳದ ಪದವನ್ನಷ್ಟೇ ಹೇಳುತ್ತಾರೆ. ಪದ ಒಂದನ್ನೇ ಇಟ್ಟುಕೊಂಡರೆ ಏನೂ ಗೊತ್ತಾಗುವುದಿಲ್ಲ. ಪ್ರೀತಿ ಇರುವುದು ಪದದಲ್ಲಲ್ಲ, ಪದದ ಅಕ್ಕಪಕ್ಕದಲ್ಲಿ. ಆದ್ದರಿಂದ ಅವರ ವಾಕ್ಯವನ್ನೇ ಬಿಡಿಸಿ ನೋಡೋಣ.

"ಎಲ್ಲಿ ಹಾಳಾಗ್ಹೋಯ್ತೋ" ಅಂದರು. "ಎಲ್ಲಿ ಹಾಳಾಗ್ಹೋಗಿದ್ದೆ?" ಅನ್ನಲಿಲ್ಲ. ಎರಡನ್ನೂ ಒಮ್ಮೆ ಬಾಯಿ ಬಿಟ್ಟು ಹೇಳಿ ನೋಡಿ. ಎರಡನೆಯದು ಹುಡುಗನ ಮುಖ ನೋಡಿ ಕೇಳುವ ಪ್ರಶ್ನೆ. ಅದಕ್ಕೆ ಅವನು ಉತ್ತರ ಕೊಡಬೇಕು, ಲೆಕ್ಕ ಒಪ್ಪಿಸಬೇಕು. ಮೊದಲನೆಯದು ಯಾರನ್ನೂ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ನಿಂತು ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, ಆದರೆ ಅವನ ಕಿವಿಗೆ ಬೀಳುವ ಹಾಗೆ ಆಡಿದ ಮಾತು. ಕೊನೆಯಲ್ಲಿ ಎಳೆದ ಆ "ಓ" ಇದೆಯಲ್ಲ, ಅದು ಹುಡುಕಾಟದ ದನಿ. ಮಗು ಕಣ್ಣಿಗೆ ಕಾಣಲಿಲ್ಲ ಅನ್ನುವ ಸಣ್ಣ ಚಡಪಡಿಕೆ ಅದರಲ್ಲಿದೆ.

ಇನ್ನೊಂದು ವಿಷಯ. "ಹೋದ" ಅನ್ನದೆ "ಹೋಯ್ತು" ಅಂದರು. "ಮುಂಡೇದು" ಕೂಡ ಅದೇ ಜಾತಿಯದು, "ಅದು" ಅನ್ನುವ ಲೆಕ್ಕಕ್ಕೆ ಸೇರಿದ್ದು. ಕನ್ನಡದಲ್ಲಿ ದೊಡ್ಡವರನ್ನು "ಅದು" ಅಂದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. "ಬಂತು ನೋಡು ಅದು" ಎಂದು ಬೀಗರ ಬಗ್ಗೆ ಯಾರಾದರೂ ಅಂದರೆ ಆ ಸಂಬಂಧ ಮುಗಿಯಿತು ಅಂತಲೇ ಅರ್ಥ. ಆದರೆ ಕೂಸಿನ ವಿಷಯದಲ್ಲಿ ಅದೇ "ಅದು" ಮೆತ್ತಗಾಗುತ್ತದೆ. "ಮಗು ಮಲಗಿದೆ", "ಪಾಪ, ಅದಕ್ಕೇನು ಗೊತ್ತಾಗತ್ತೆ", "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅದು." ಇನ್ನೂ ಗಂಡು, ಹೆಣ್ಣು, ಜವಾಬ್ದಾರಿ, ತಪ್ಪು, ಸರಿ ಯಾವುದಕ್ಕೂ ಸಿಕ್ಕಿಹಾಕಿಕೊಳ್ಳದ ಜೀವ ಎಂಬ ಭಾವ ಅದರಲ್ಲಿದೆ. ಅಜ್ಜಿಯರ ಮುದ್ದಿನ ಬೈಗುಳಗಳನ್ನು ಒಂದು ಸಲ ನೆನಪಿಸಿಕೊಳ್ಳಿ. "ಹಾಳಾದ್ದು", "ಮುಂಡೇದು", "ಕಳ್ ನನ್ಮಗಂದು", "ಕತ್ತೆ", "ಕೋತಿ", "ಗೂಬೆ". ಮೊದಲ ಮೂರರ ಬಾಲದಲ್ಲೇ ಈ "ಅದು" ಇದೆ, ಉಳಿದವೂ "ಅದು" ಅನ್ನುವ ಲೆಕ್ಕಕ್ಕೇ ಸೇರಿದವು. ಹುಡುಗ ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ "ಅದು" ಹೋಗಿ "ಅವನು" ಆಗುತ್ತಾನೆ. ಆಗ ಬೈಗುಳದ ಬಣ್ಣವೂ ಬೇರೆಯಾಗುತ್ತದೆ.

"ಈ ಕಳ್ ಮುಂಡೇದು" ಅನ್ನುವಾಗ "ಈ" ಎಂದದ್ದನ್ನು ಗಮನಿಸಿ. ಹುಡುಗ ಎದುರಿಗೆ ಇರಲಿಲ್ಲ. ಕಾಣದ ಹುಡುಗನನ್ನು "ಆ" ಅನ್ನಬೇಕಿತ್ತು. "ಈ" ಅಂದರೆ ಅವನು ಎಲ್ಲಿದ್ದರೂ ಹತ್ತಿರವೇ ಅಂತ. ಕೆಲವು ಮನೆಗಳಲ್ಲಿ ಇದೇ ಕೆಲಸವನ್ನು "ನನ್" ಮಾಡುತ್ತದೆ. "ನನ್ ಕಳ್ಳ", "ನನ್ ಕೋತಿ ಮರಿ".

"ಬಾರೋ ಕೋತಿ" ಎಂದು ಕರೆದರು. "ಬಾ" ಬೇರೆ, "ಬಾರೋ" ಬೇರೆ. "ಬಾ" ಅನ್ನುವುದು ಅಪ್ಪಣೆ. "ಬಾರೋ", "ಬಾರೇ" ಅನ್ನುವುದು ಸಲಿಗೆ. ಗೆಳೆಯ ಗೆಳೆಯನಿಗೆ, ಅಕ್ಕ ತಮ್ಮನಿಗೆ, ತಾಯಿ ಮಗನಿಗೆ ಹೀಗೆ ಹೇಳುತ್ತಾರೆ. ಕೊನೆಯಲ್ಲಿ ಬರುವುದು ತುಪ್ಪ, ಆರಿಹೋಗುತ್ತಿರುವ ಅನ್ನ, "ತಿನ್ನು". ಇಡೀ ವಾಕ್ಯ ಹೊರಟಿದ್ದೇ ಅಲ್ಲಿಗೆ. ಬೈಗುಳದ ಬೆನ್ನಿಗೆ ಏನು ಬರುತ್ತದೆ ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಗುರುತು. "ಕೋತಿ" ಆದ ಮೇಲೆ ತಿನ್ನು, ಹೊದ್ದುಕೋ, ಚಪ್ಪಲಿ ಹಾಕ್ಕೋ, ಹುಷಾರು, ಮಲಕ್ಕೋ ಎಂಬ ಮಾತು ಬಂದರೆ ಆ ಬೈಗುಳ ಮುದ್ದು. ಹೋಗು, ತೊಲಗು, ಮುಟ್ಬೇಡ, ನಿಂಗೆ ಬರಲ್ಲ ಎಂಬ ಮಾತು ಬಂದರೆ ಅಲ್ಲ.

ಈಗ ಅತ್ತೆಗೆ ನಿಜವಾಗಿ ಕೋಪ ಬಂದಾಗ ಹೇಗೆ ಮಾತಾಡುತ್ತಾರೆ ಎಂದು ನೆನಪು ಮಾಡಿಕೊಳ್ಳಿ. ಮೊಮ್ಮಗ ಬಿಸಿ ಪಾತ್ರೆಗೆ ಕೈ ಹಾಕಿದ, ಅಥವಾ ಯಾರಿಗೂ ಹೇಳದೆ ಗೇಟು ದಾಟಿ ರಸ್ತೆಗೆ ಓಡಿದ ಅಂದುಕೊಳ್ಳಿ. ಆಗ "ಕೋತಿ" ಬರುವುದಿಲ್ಲ. ಪೂರ್ತಿ ಹೆಸರು ಬರುತ್ತದೆ. "ಬಾರೋ" ಹೋಗಿ "ಬಾ ಇಲ್ಲಿ" ಆಗುತ್ತದೆ. ವಾಕ್ಯ ಮೊಟಕಾಗುತ್ತದೆ, ಎಳೆತ ಇರುವುದಿಲ್ಲ. "ಎಲ್ಲಿಗೆ ಹೋಗಿದ್ದೆ? ಯಾರನ್ನ ಕೇಳಿ ಹೋದೆ? ಕೂತ್ಕೋ ಅಲ್ಲಿ." ಇದರಲ್ಲಿ ಒಂದೇ ಒಂದು ಬೈಗುಳದ ಪದ ಇಲ್ಲ, ಆದರೂ ಮಗು ನಡುಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಇನ್ನೊಂದು ದಾರಿಯೂ ಇದೆ. ಇದ್ದಕ್ಕಿದ್ದ ಹಾಗೆ ಬಹುವಚನಕ್ಕೆ ಏರಿಸುವುದು. "ಬಂದ್ರಾ ಸ್ವಾಮಿ? ಈಗ ಟೈಮಾಯ್ತಾ ತಮಗೆ?" ಆಗ ಮೊಮ್ಮಗನಿಗೆ ಸರಿಯಾಗಿ ಗೊತ್ತಾಗುತ್ತದೆ, ಅಜ್ಜಿ ಇವತ್ತು ಸಿಟ್ಟಾಗಿದ್ದಾರೆ ಅಂತ. ಎಲ್ಲಕ್ಕಿಂತ ಕೊನೆಯ ಹಂತ ಮಾತು ಬಿಡುವುದು. ನಮ್ಮ ಮನೆಗಳಲ್ಲಿ ಕೋಪ ಜಾಸ್ತಿಯಾದಷ್ಟೂ ಬೈಗುಳದ ಪದ ಕಡಿಮೆಯಾಗುತ್ತದೆ. ನಿಮ್ಮ ಮಗ ಇಡೀ ದಿನ "ಕೋತಿ" ಅನ್ನಿಸಿಕೊಂಡಿದ್ದಾನೆ ಅಂದರೆ ಆ ದಿನ ಅಜ್ಜಿಯ ಮನಸ್ಸು ಹಗುರವಾಗಿತ್ತು ಅಂತಲೇ ಲೆಕ್ಕ.

ಇದೆಲ್ಲ ನಾಲ್ಕು ವರ್ಷದ ಮಗುವಿಗೆ ಹೇಗೆ ತಿಳಿಯುತ್ತದೆ ಎಂದು ನಿಮಗೆ ಅನ್ನಿಸಬಹುದು. ಮಕ್ಕಳಿಗೆ ಪದಕ್ಕಿಂತ ಮುಂಚೆ ದನಿ ಅರ್ಥವಾಗುತ್ತದೆ. ಆನ್ ಫರ್ನಾಲ್ಡ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಇಂಗ್ಲಿಷ್ ಮನೆಮಾತಿನ ಐದು ತಿಂಗಳ ಕೂಸುಗಳಿಗೆ ಜರ್ಮನ್, ಇಟಾಲಿಯನ್ ಭಾಷೆಗಳಲ್ಲಿ ಮೆಚ್ಚುವ ಮಾತು, ಗದರುವ ಮಾತು ಎರಡನ್ನೂ ಕೇಳಿಸಿದರು. ಒಂದು ಪದವೂ ತಿಳಿಯದ ಆ ಕೂಸುಗಳು ಮೆಚ್ಚುವ ದನಿಗೆ ಮುಖ ಅರಳಿಸಿದವು, ಗದರುವ ದನಿಗೆ ಸಪ್ಪಗಾದವು. ಜಪಾನಿ ಮಾತಿಗೆ ಮಾತ್ರ ಹಾಗೆ ಆಗಲಿಲ್ಲ. ಆ ಭಾಷೆಯ ದನಿಯ ಏರಿಳಿತ ಅವುಗಳಿಗೆ ಸಿಗಲಿಲ್ಲ ಅಂತ ಕಾಣುತ್ತದೆ. ನಿಮ್ಮ ಮಗ ಅಜ್ಜಿಯ ದನಿಯ ಏರಿಳಿತವನ್ನು ದಿನವೂ ಕೇಳುತ್ತಿದ್ದಾನೆ. ಆ ದನಿಯಲ್ಲಿ "ಕೋತಿ" ಬಂದರೆ ತೊಡೆ ಸಿಗುತ್ತದೆ, ತುತ್ತು ಸಿಗುತ್ತದೆ ಅಂತ ಅವನಿಗೆ ಗೊತ್ತು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಪ್ಲೇಸ್ಕೂಲಿನ ಪ್ರಸಂಗಕ್ಕೂ ಅದಕ್ಕೂ ನೇರ ಸಂಬಂಧ. ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಇರುವ ಮಾತು ಮಕ್ಕಳಿಗೆ ಅರ್ಥವಾಗಲು ಶುರುವಾಗುವುದು ಐದಾರು ವರ್ಷದ ಮೇಲೆ. ಅದು ಪೂರ್ತಿ ಕೈಗೆ ಹತ್ತಲು ಇನ್ನೂ ಕೆಲವು ವರ್ಷ ಬೇಕು. ನಾಲ್ಕರ ಮಗುವಿಗೆ "ಇದು ಬೈಗುಳ, ಆದರೆ ಅಜ್ಜಿ ಪ್ರೀತಿಯಿಂದ ಹೇಳುತ್ತಿದ್ದಾರೆ" ಎಂಬ ಎರಡು ಮೆಟ್ಟಿಲ ಲೆಕ್ಕ ಇಲ್ಲ. ಅವನಿಗೆ "ಕೋತಿ" ಬೈಗುಳವೇ ಅಲ್ಲ, ತನ್ನ ಇನ್ನೊಂದು ಹೆಸರು. ಅದಕ್ಕೇ ಮನೆಯಲ್ಲಿ ಅವನಿಗೆ ನೋವಾಗುವುದಿಲ್ಲ. ಅದಕ್ಕೇ ಶಾಲೆಯಲ್ಲಿ ಇನ್ನೊಂದು ಮಗುವಿಗೂ ಅಂದುಬಿಟ್ಟ. ಕೆಟ್ಟದ್ದು ಕಲಿತು ಹಾಗೆ ಅಂದದ್ದಲ್ಲ. ಅದು ಕೆಟ್ಟದ್ದಾಗಬಹುದು ಎಂದು ಇನ್ನೂ ಗೊತ್ತಿಲ್ಲದೆ ಅಂದದ್ದು. ಇದನ್ನು ಮಿಸ್ ಹತ್ತಿರ ಹೀಗೇ ಹೇಳಿ. ಮನೆಯಲ್ಲಿ ಅಜ್ಜಿ ಮುದ್ದಿಗೆ ಹಾಗೆ ಕರೆಯುತ್ತಾರೆ ಅಂದರೆ ಕನ್ನಡ ಬಲ್ಲ ಯಾವ ಮಿಸ್‌ಗಾದರೂ ತಿಳಿಯುತ್ತದೆ.

ಇನ್ನು ಇಷ್ಟು ಪ್ರೀತಿಗೆ ಒಳ್ಳೆಯ ಪದಗಳೇ ಸಿಗಲಿಲ್ಲವೇ ಎಂಬ ಮಾತು. ಸಿಗುತ್ತವೆ, ಬಳಸುತ್ತಾರೆ ಕೂಡ. ಬಂಗಾರ, ಚಿನ್ನ, ಕಂದ, ಪುಟ್ಟ, ರಾಜ. ಆದರೆ ನಮ್ಮ ಹಳೆಯ ತಲೆಮಾರಿಗೆ ಮಗುವನ್ನು ಬಾಯಿ ತುಂಬ ಹೊಗಳಲು ಭಯ. ದೃಷ್ಟಿಯ ಭಯ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಲ್ಲಿ ತಳ್ಳಿಬಿಟ್ಟರೆ ಆ ಅಜ್ಜಿಯರು ಏನು ಕಂಡವರು ಎಂಬುದು ನಮಗೆ ಕಾಣದೇ ಹೋಗುತ್ತದೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಂದರೆ ಎಂಟರಲ್ಲಿ ಒಂದು. ನಿಮ್ಮ ಅತ್ತೆಯವರ ತಾಯಿಯ ಕಾಲದಲ್ಲಿ ಇನ್ನೂ ಜಾಸ್ತಿ. ಮಗು ಕಳೆದುಕೊಳ್ಳದ ಮನೆ ಊರಲ್ಲಿ ಸಿಗುವುದೇ ಕಷ್ಟವಿತ್ತು. ಮೈಕೈ ತುಂಬಿಕೊಂಡು ನಗುವ ಕೂಸನ್ನು ಯಾರಾದರೂ "ಎಷ್ಟು ಚೆನ್ನಾಗಿದೆ!" ಅಂದ ಮರುದಿನವೇ ಜ್ವರ ಬಂದರೆ ಆ ತಾಯಿ ಏನು ತಾನೆ ಅಂದುಕೊಂಡಾಳು?

ಆದ್ದರಿಂದ ಮಗು ಚೆನ್ನಾಗಿದೆ ಎಂಬುದನ್ನು ಮುಚ್ಚಿಡುವ ನೂರು ದಾರಿಗಳನ್ನು ನಮ್ಮ ಹೆಂಗಸರು ಮಾಡಿಕೊಂಡರು. ಕೆನ್ನೆಗೆ ಕಪ್ಪು ಬೊಟ್ಟು ಇಟ್ಟು ಅಂದಕ್ಕೆ ಒಂದು ಕುಂದು ತರುವುದು. ಸಂಜೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕುವುದು. ಎರಡು ಕೈಯಲ್ಲಿ ಮಗುವಿನ ಮುಖ ಸವರಿ ತಮ್ಮ ಕಪಾಲಕ್ಕೆ ಒತ್ತಿ ನೆಟಿಗೆ ಮುರಿಯುವುದು. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹೆಸರನ್ನೇ ಒರಟು ಮಾಡುತ್ತಿದ್ದರು. ತಿಪ್ಪ, ತಿಪ್ಪಮ್ಮ, ಗುಂಡ, ಕಲ್ಲ, ಹುಚ್ಚಪ್ಪ. ಯಾರಿಗೂ ಬೇಡದ ವಸ್ತು ಇದು, ಸಾವಿಗೂ ಬೇಡವಾಗಲಿ ಎಂಬ ಆಸೆಯಿಂದ ಇಟ್ಟ ಹೆಸರುಗಳು. ಇವತ್ತಿಗೂ ತಿಪ್ಪೇಸ್ವಾಮಿ, ತಿಪ್ಪೇಶ್ ಎಂಬ ಹೆಸರು ಚಿತ್ರದುರ್ಗದ ಕಡೆ ಬೇಕಾದಷ್ಟಿವೆ. ಈಗ ಹೆಚ್ಚಾಗಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಆ ಹೆಸರು ಇಡುತ್ತಾರೆ, ಅದು ಬೇರೆ ಮಾತು. "ಕಳ್ಳ", "ಕೋತಿ", "ಹಾಳಾದ್ದು" ಇವೆಲ್ಲ ಬಂದದ್ದು ಈ ಕಪ್ಪು ಬೊಟ್ಟಿನ ಸಾಲಿನಿಂದಲೇ. ಕೆನ್ನೆಯ ಮೇಲೆ ಇಡುವುದನ್ನು ಬಾಯಿಂದ ಇಡುತ್ತಾರೆ ಅಷ್ಟೇ. ನಿಮ್ಮ ಅತ್ತೆಗೆ ದೃಷ್ಟಿಯಲ್ಲಿ ಈಗ ನಂಬಿಕೆ ಇರಲಿ ಬಿಡಲಿ, ಮಾತಿನ ರೂಢಿ ಮಾತ್ರ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಇವರಿಗೆ ಇಳಿದು ಬಂದಿದೆ.

ಹೆಸರು ಹಿಡಿದು ಕರೆಯುವುದು ಅಪರೂಪ ಎಂದು ಬರೆದಿದ್ದೀರಿ. ಇದಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ಹೆಂಡತಿ ಗಂಡನ ಹೆಸರು ಹೇಳುವ ಹಾಗಿರಲಿಲ್ಲ, ಸೊಸೆ ಮಾವನ ಹೆಸರು ಹೇಳುವ ಹಾಗಿರಲಿಲ್ಲ. ಅಂದಮೇಲೆ ಅದೇ ಹೆಸರಿನ ಹುಡುಗನನ್ನು ಅಜ್ಜಿ ಹೇಗೆ ಕೂಗಬೇಕು, ತಾಯಿ ಹೇಗೆ ಗದರಿಸಬೇಕು? "ರಂಗಪ್ಪ, ಬಾರೋ ಕತ್ತೆ" ಅಂದರೆ ಮಾವನಿಗೇ ಅಂದ ಹಾಗಾಯಿತಲ್ವಾ! ಅದಕ್ಕೆ ಒಳ್ಳೆಯ ಹೆಸರು ಶಾಲೆಯ ದಾಖಲೆಗೆ, ದೇವಸ್ಥಾನದ ಅರ್ಚನೆಗೆ ಮಾತ್ರ. ಮನೆಯೊಳಗೆ ಪುಟ್ಟ, ಗುಂಡ, ಕಳ್ಳ, ಕೋತಿ. ನಿಮ್ಮ ಮಗನಿಗೆ ಈ ಕಾಲದ ಹೊಸ ಹೆಸರೇ ಇರಬಹುದು. ಆದರೂ ಹೆಸರನ್ನು ಬದಿಗಿಟ್ಟು ಮಾತಾಡುವ ಅಭ್ಯಾಸ ಆ ತಲೆಮಾರಿನಲ್ಲಿ ಉಳಿದುಕೊಂಡಿದೆ.

ಇಂಥ ಮಾತು ಅಪ್ಪ ಅಮ್ಮಂದಿರಿಗಿಂತ ಅಜ್ಜ ಅಜ್ಜಿಯರ ಬಾಯಲ್ಲೇ ಜಾಸ್ತಿ ಯಾಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಬರೆದ ಒಂದು ಲೇಖನದಲ್ಲಿ, ಯಾರು ಯಾರನ್ನು ಕಾಡಿಸಬಹುದು, ಯಾರು ಕೋಪ ಮಾಡಿಕೊಳ್ಳಬಾರದು ಎಂದು ಗೊತ್ತುಮಾಡಿದ ಸಂಬಂಧಗಳ ಬಗ್ಗೆ ಚರ್ಚಿಸಿದರು. ಎಷ್ಟೋ ಸಮಾಜಗಳಲ್ಲಿ ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳದ್ದು ಅಂಥ ಸಂಬಂಧ. ಅಪ್ಪ ಅಮ್ಮನಿಗೆ ಮಗುವನ್ನು ತಿದ್ದುವ ಹೊಣೆ ಇದೆ. ಅವರ ಬಾಯಲ್ಲಿ "ಕತ್ತೆ" ಬಂದರೆ ಓದು, ಮಾರ್ಕ್ಸು, ಶಿಸ್ತು ಎಲ್ಲ ಹಿಂದೆಯೇ ಬರುತ್ತವೆ. ಅಜ್ಜಿಗೆ ಆ ಹೊಣೆ ಇಲ್ಲ. ಅದಕ್ಕೆ ಅವರ "ಕತ್ತೆ"ಗೆ ಭಾರವಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಅದು ಎರಡೂ ಕಡೆಯಿಂದ ನಡೆಯುವ ಆಟ. "ಬಾರೋ ಕೋತಿ" ಅಂದರೆ "ಹೋಗಜ್ಜಿ, ನೀನೇ ಕೋತಿ" ಎಂದು ಮೊಮ್ಮಗ ತಿರುಗಿ ಅನ್ನಬಹುದು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಸಂಜೆ ಪಕ್ಕದ ಮನೆಯವರಿಗೂ ಹೇಳುತ್ತಾರೆ. ಅದೇ ಮಾತು ಅಪ್ಪನಿಗೆ ಅಂದರೆ ಏಟು ಬೀಳುತ್ತದೆ. ಅಪ್ಪನಿಗೆ "ನೀವು" ಅನ್ನುವ ಎಷ್ಟೋ ಮನೆಗಳಲ್ಲಿ ಅಜ್ಜಿ ಮಾತ್ರ "ನೀನು" ಆಗಿಯೇ ಇರುತ್ತಾರೆ. ನಿಮ್ಮ ಮಗ ತಿರುಗಿ ಅನ್ನುತ್ತಾನಾ, ಅಂದಾಗ ಅತ್ತೆ ನಗುತ್ತಾರಾ ಎಂದು ನೋಡಿ. ನಗುತ್ತಾರೆ ಅಂದರೆ ಆಟ ಆರೋಗ್ಯವಾಗಿದೆ. ಅವರು ಅನ್ನಬಹುದು, ಅವನು ಅನ್ನಬಾರದು ಅಂತಾದರೆ ಅದು ಬೇರೆಯೇ ಸಂಗತಿ.

ಇನ್ನು ನೀವು ಕರಾವಳಿಯವರು. ನಿಮ್ಮ ಕಿವಿಗೆ ಒರಟು ಕೇಳಿಸುವುದರಲ್ಲಿ ಅರ್ಧ ಪಾಲು ಊರಿನದು. ನಿಮ್ಮ ಕಡೆಯೂ "ಮಂಗ", "ಪೋಕ್ರಿ" ಎಂದು ಮುದ್ದಿಗೆ ಬೈದೇ ಬೈಯುತ್ತಾರೆ. ಅದು ನಿಮಗೆ ಬೈಗುಳ ಅನ್ನಿಸಿಯೇ ಇರುವುದಿಲ್ಲ. ಧಾರವಾಡದ ಅಜ್ಜಿ "ಮಂಗ್ಯಾ", "ಖೋಡಿ" ಅನ್ನುತ್ತಾರೆ. ಮಂಡ್ಯ, ಹಾಸನದ ಕಡೆ "ಬಡ್ಡೆತ್ತದೆ", "ಮುಂಡೇದೆ". ಪ್ರತಿ ಊರಿನವರಿಗೂ ತಮ್ಮ ಅಜ್ಜಿಯ ಬೈಗುಳ ಸಿಹಿ, ಗಂಡನ ಅಥವಾ ಹೆಂಡತಿಯ ಊರಿನದು ಕರ್ಕಶ. ಮದುವೆಯಾಗಿ ಊರು ಬದಲಾದ ಹೆಣ್ಣುಮಕ್ಕಳಿಂದ ನಾನು ಈ ದೂರು ಕೇಳುತ್ತಲೇ ಇರುತ್ತೇನೆ. ಎರಡೂ ಕಡೆ ಬೈಗುಳದ ಹಿಂದೆ ನಿಂತಿರುವ ಪ್ರೀತಿ ಒಂದೇ ತೆರನದು.

ಹಾಗಂತ ಎಲ್ಲ ಬೈಗುಳವೂ ಪ್ರೀತಿ, ಸುಮ್ನೆ ಇದ್ದುಬಿಡಿ ಎಂದು ನಾನು ಹೇಳುವುದಿಲ್ಲ. ಪ್ರೀತಿಯಿಂದ ಹೇಳಿದರೂ ನೋವು ಮಾಡುವ ಮಾತುಗಳಿವೆ. ಗೆರೆ ಎಲ್ಲಿ ಬೀಳುತ್ತದೆ ಎಂದು ಗೊತ್ತಿರಲಿ.

"ಕೋತಿ" ಅನ್ನುವುದು ಮಗು ಮಾಡುವ ಚೇಷ್ಟೆಗೆ ಸಿಕ್ಕ ಹೆಸರು. ಹತ್ತುತ್ತದೆ, ಕಿತ್ತುಕೊಳ್ಳುತ್ತದೆ, ಕುಣಿಯುತ್ತದೆ, ಅದಕ್ಕೆ ಕೋತಿ. ಮಗು ಕೋತಿ ಅಲ್ಲ ಎಂದು ಹೇಳುವವರಿಗೂ ಕೇಳುವವರಿಗೂ ಗೊತ್ತು. ಸುಳ್ಳು ಅಂತ ಎಲ್ಲರಿಗೂ ಗೊತ್ತಿರುವ ಕಡೆ ಮಾತ್ರ ಬೈಗುಳ ಮುದ್ದಾಗುತ್ತದೆ. ಅದು ಸತ್ಯಕ್ಕೆ ತಾಗಿದ ಕ್ಷಣ ಚುಚ್ಚುತ್ತದೆ. ಬಣ್ಣ ಕಪ್ಪಗಿರುವ ಮಗುವಿಗೆ "ಕರಿಕೋತಿ", ದಪ್ಪಗಿರುವ ಮಗುವಿಗೆ "ಡುಮ್ಮಿ", ಓದಿನಲ್ಲಿ ಹಿಂದಿರುವ ಮಗುವಿಗೆ "ಕತ್ತೆ", "ದಡ್ಡ". ಇವನ್ನು ಎಷ್ಟೇ ಎಳೆದು, ಎಷ್ಟೇ ಮುದ್ದಾಗಿ ಹೇಳಿದರೂ ಮಗು ಒಳಗೆ ಇಟ್ಟುಕೊಳ್ಳುತ್ತದೆ. ಹಾಗೆಯೇ, ಮಗು ನಿಜವಾಗಿ ಯಾರದೋ ಪೆನ್ಸಿಲ್ ಎತ್ತಿಕೊಂಡು ಬಂದ ದಿನ "ಕಳ್ಳ" ಎಂಬ ಪದವನ್ನು ಆ ಮನೆ ಸ್ವಲ್ಪ ಕಾಲ ಬಿಡಬೇಕು. ಅವತ್ತಿನಿಂದ ಅದು ಮುದ್ದಿನ ಹೆಸರಲ್ಲ, ಆರೋಪ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಎಚ್ಚರ ಬೇಕು ಅನ್ನಿಸುತ್ತದೆ. ಹುಡುಗ "ಕಳ್ಳ" ಆದರೆ ಹುಡುಗಿ "ಕಳ್ಳಿ", "ಕೋತಿ" ಇಬ್ಬರಿಗೂ ಒಂದೇ. ಆದರೆ ಮರ ಹತ್ತಿದ ಹುಡುಗನಿಗೆ "ಕೋತಿ" ಅನ್ನುವ ಅಜ್ಜಿಯೇ ಮರ ಹತ್ತಿದ ಮೊಮ್ಮಗಳಿಗೆ "ಗಂಡುಬೀರಿ" ಅಂದುಬಿಡುತ್ತಾರೆ. ಜೋರಾಗಿ ಮಾತಾಡಿದರೆ "ಬಜಾರಿ". ಕೇಳಲು ಒಂದೇ ಥರ ಇದ್ದರೂ ಕೆಲಸ ಬೇರೆ. "ಕೋತಿ" ಅಂದಾಗ ಹುಡುಗ ಇನ್ನೊಂದು ಸಲ ಹತ್ತಿ ತೋರಿಸುತ್ತಾನೆ. "ಗಂಡುಬೀರಿ" ಅಂದಾಗ ಹುಡುಗಿ ಇಳಿದು ಬರುತ್ತಾಳೆ. ಮುದ್ದಿನ ಬೈಗುಳ ಚೇಷ್ಟೆಯನ್ನು ಹೆಚ್ಚಿಸುತ್ತದೆ, ಇದು ನಿಲ್ಲಿಸುತ್ತದೆ. ನಾಳೆ ನಿಮಗೊಬ್ಬಳು ಮಗಳು ಹುಟ್ಟಿದರೆ ಈ ಎರಡು ಪದಗಳಿಗೆ ಮೊದಲ ದಿನವೇ ಬೇಡ ಅನ್ನಿ.

"ಮುಂಡೇದು" ಬಗ್ಗೆ ನೇರವಾಗಿ ಹೇಳಬೇಕು. ಆ ಪದ ಬಂದದ್ದು ಗಂಡ ಸತ್ತ, ತಲೆ ಬೋಳಿಸಿಕೊಂಡ ಹೆಣ್ಣಿಗೆ ಅನ್ನುತ್ತಿದ್ದ "ಮುಂಡೆ" ಎಂಬ ಮಾತಿನಿಂದ. ಹಳೆಯ ಮೈಸೂರು ಕಡೆಯವರ ಬಾಯಲ್ಲಿ ಸವೆದು ಸವೆದು ಮಗುವಿಗೆ ಹೇಳುವಾಗ ಆ ಅರ್ಥ ಯಾರ ಮನಸ್ಸಿಗೂ ಬರುವುದಿಲ್ಲ. ನಿಮ್ಮ ಅತ್ತೆಗೂ ಬಂದಿರಲಾರದು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ಆ ಮನೆಯಲ್ಲಿದ್ದರೆ, ಪಕ್ಕದಲ್ಲಿ ಕೂತಿದ್ದರೆ, ಅವರಿಗೆ ಆ ಅರ್ಥ ಸವೆದಿರುವುದಿಲ್ಲ. ಮಾವ ಅನ್ನುವ "ಭಡವ" ಕೂಡ ಹೀಗೆಯೇ. ಕನ್ನಡದ ಮನೆಗಳಲ್ಲಿ ಅದು ತುಂಟನಿಗೆ ಹೇಳುವ ಮಾತು. ಹಿಂದಿ ಬಲ್ಲ ನೆರೆಯವರ ಕಿವಿಗೆ ಅದೇ ಸದ್ದು ತೀರ ಕೆಟ್ಟ ಬೈಗುಳವಾಗಿ ಕೇಳಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಪಾರ್ಕಿನಲ್ಲಿ ಮೊಮ್ಮಗನನ್ನು ಹಾಗೆ ಕರೆದರೆ ತಿರುಗಿ ನೋಡುವವರು ಇದ್ದೇ ಇರುತ್ತಾರೆ. ಅಮೆರಿಕದಲ್ಲಿ ಬೆಳೆಯುವ ಮೊಮ್ಮಕ್ಕಳಿಗೂ ಇದನ್ನು ಹೇಳಿಕೊಡಬೇಕು. ಅಜ್ಜಿಯ "ಕೋತಿ"ಯನ್ನು ಅವರು "ಮಂಕಿ" ಮಾಡಿಕೊಂಡು ಶಾಲೆಯಲ್ಲಿ ಕಪ್ಪು ಬಣ್ಣದ ಗೆಳೆಯನಿಗೆ ಅಂದರೆ ಅಲ್ಲಿ ಅದು ಜನಾಂಗದ ನಿಂದನೆ, ಸಣ್ಣ ತಪ್ಪಲ್ಲ.

ಈಗ ನೀವು ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಪೂರ್ತಿ ನಿಲ್ಲಿಸಿ ಎಂದು ಹೇಳಬೇಡಿ. ಅವರ ಬಾಯಿಂದ "ಕೋತಿ", "ಕಳ್ಳ" ತೆಗೆದುಬಿಟ್ಟರೆ ಆ ಜಾಗಕ್ಕೆ ಸಿಹಿ ಮಾತು ಬರುವುದಿಲ್ಲ, ಸಂಕೋಚ ಬರುತ್ತದೆ. ಸೊಸೆ ಕೇಳಿಸಿಕೊಳ್ಳುತ್ತಾಳೇನೋ ಎಂದು ಮಾತೇ ಕಡಿಮೆಯಾಗುತ್ತದೆ. ಮಗನಿಗೆ ನಷ್ಟ ಅದು. ಒಂದೇ ಒಂದು ಪದವನ್ನು ಕೇಳಿ ತೆಗೆಸಿ. ಅವರು ಒಳ್ಳೆಯ ಮೂಡಿನಲ್ಲಿದ್ದಾಗ, ಗಂಡನ ಮೂಲಕ ಅಲ್ಲ, ನೀವೇ ಹೇಳಿ. "ಅತ್ತೇ, ಕೋತಿ ಅನ್ನಿ, ಕಳ್ಳ ಅನ್ನಿ, ಅವನಿಗೂ ಇಷ್ಟ. ಆ ಮುಂಡೇದು ಅನ್ನೋದೊಂದು ಬೇಡ. ಇಸ್ಕೂಲಲ್ಲಿ ಅಂದ್ಬಿಟ್ಟಿದಾನೆ, ಮಿಸ್ ಕರೆದು ಹೇಳಿದ್ರು." ಇಷ್ಟು ಸಾಕು. ಕಾರಣ ಶಾಲೆಯದು, ಅವರ ಬಾಯಿಯದಲ್ಲ ಎಂದಾಗ ಅವರಿಗೂ ಬೇಜಾರಾಗುವುದಿಲ್ಲ. ಮಾವನಿಗೆ ಹೇಳುವುದು ಇನ್ನೂ ಸುಲಭ. ಭಡವ ಬಿಟ್ಟು ರಾಸ್ಕಲ್ ಒಂದನ್ನೇ ಇಟ್ಟುಕೊಳ್ಳಲಿ. ಇಬ್ಬರೂ ಶಾಲೆಯ ಗೇಟಿನ ಹತ್ತಿರ ಮಾತ್ರ ಹೆಸರು ಹಿಡಿದು ಕರೆಯಲಿ. ಬೇರೆ ಮಕ್ಕಳು ಆ ಪದ ಎತ್ತಿಕೊಂಡು ಕಾಡಿಸುವುದು ಶುರುವಾಗುವುದು ಅಲ್ಲಿಂದಲೇ.

ಮಗನಿಗೆ "ಕೋತಿ ಕೆಟ್ಟ ಮಾತು" ಎಂದು ಹೇಳಿಕೊಡಬೇಡಿ. ಹಾಗೆ ಹೇಳಿದರೆ ಅವನ ಲೆಕ್ಕದಲ್ಲಿ ಅಜ್ಜಿ ಕೆಟ್ಟ ಮಾತಾಡುವವರಾಗುತ್ತಾರೆ. "ಅದು ಅಜ್ಜಿ ನಿಂಗೆ ಮಾತ್ರ ಇಟ್ಟಿರೋ ಹೆಸರು. ಬೇರೆಯವರಿಗೆ ಅವರವರ ಹೆಸರು ಇದೆ, ಅದನ್ನೇ ಕೂಗು" ಅನ್ನಿ. ನಾಲ್ಕು ವರ್ಷದ ತಲೆಗೆ ಇದು ಸಲೀಸಾಗಿ ಹೋಗುತ್ತದೆ, ಯಾಕೆಂದರೆ ಅವನು ಅದನ್ನು ಹೆಸರು ಅಂತಲೇ ತಿಳಿದಿದ್ದಾನೆ. ಒಂದೆರಡು ಸಲ ಮರೆಯುತ್ತಾನೆ, ಆಗ ಗದರಿಸದೆ ಇದೇ ಮಾತನ್ನು ಇನ್ನೊಮ್ಮೆ ಹೇಳಿ.

ಮುಂದಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಈಗ "ಬಾರೋ ಕೋತಿ" ಅಂದರೆ ನಗುತ್ತಾ ಓಡಿ ಬರುತ್ತಾನೆ. ಒಂಬತ್ತು, ಹತ್ತು ವರ್ಷದ ಹೊತ್ತಿಗೆ ಗೆಳೆಯರು ಮನೆಗೆ ಬಂದಿರುವಾಗ ಅಜ್ಜಿ ಹಾಗೆ ಕೂಗಿದರೆ ತಲೆ ತಗ್ಗಿಸಬಹುದು, ಕೇಳಿಸದ ಹಾಗೆ ಕೂರಬಹುದು. ಅಥವಾ ತಮ್ಮನನ್ನೋ ತಂಗಿಯನ್ನೋ "ಚಿನ್ನ" ಅಂದು ತನ್ನನ್ನು ಮಾತ್ರ "ಕತ್ತೆ" ಅನ್ನುತ್ತಾರೆ ಎಂದು ಲೆಕ್ಕ ಇಡಲು ಶುರುಮಾಡಬಹುದು. ಅವನ ಕಾಲು ಅಜ್ಜಿಯ ಕಡೆ ಬರುತ್ತಿದೆಯೋ, ಕೋಣೆಯ ಕಡೆ ಹೋಗುತ್ತಿದೆಯೋ ನೋಡಿ. ಕೋಣೆಯ ಕಡೆ ಹೋದರೆ ಅತ್ತೆಗೆ ಅವತ್ತೇ ಹೇಳಿಬಿಡಿ, ನಾಲ್ಕು ಜನರ ಮುಂದೆ ಹೆಸರು ಹಿಡಿದು ಕರೀರಿ, ಒಬ್ಬನೇ ಇದ್ದಾಗ ನಿಮ್ಮಿಷ್ಟ ಅಂತ.